‘ಪೂಜಾ ರೂಮ್ ಬೇಕಾ?’ ಅಂತ ಕೇಳಬಾರದು: ಮನೆ ವಿನ್ಯಾಸದ ಮೊದಲ ಭೇಟಿಗೆ ಪ್ರಶ್ನಾವಳಿ ಬರೆಯೋದು ಹೇಗೆ

"ಪೂಜಾ ರೂಮ್ ಬೇಕಾ?" ಅಂತ ಕೇಳಿದ್ವಿ. "ಬೇಕು" ಅಂದರು. "ಆಫೀಸ್ ರೂಮ್?" "ಅದೂ ಬೇಕು." "ಅಡುಗೆಮನೆ ದೊಡ್ಡದು ಮಾಡೋಣವಾ?" "ಮಾಡಿ ಮತ್ತೆ." ನಲವತ್ತೆರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಎರಡು ಸಲ ಕಾಫಿ ಬಂತು, ಒಂದು ಸಲ ಕೋಡುಬಳೆ ಬಂತು, ಎಲ್ಲ ಪ್ರಶ್ನೆಗೂ ಉತ್ತರವೂ ಬಂತು. ವಾಪಸ್ ಬರುವಾಗ ಕ್ಯಾಲ್‌ಟ್ರೇನ್‌ನಲ್ಲಿ ಕೂತು ಹಾಳೆ ತಿರುವಿ ನೋಡಿದರೆ, ಆ ಉತ್ತರಗಳಿಂದ ಒಂದು ಗೆರೆಯನ್ನೂ ಎಳೆಯೋಕೆ ಆಗುವಂತಿರಲಿಲ್ಲ.

ನಾವು ಮೂವರು. ಇಬ್ಬರು ಆರ್ಕಿಟೆಕ್ಚರ್ ಓದುತ್ತಿದ್ದೇವೆ, ಒಬ್ಬರು ಸಿವಿಲ್ ಇಂಜಿನಿಯರಿಂಗ್. ತರಗತಿಯಲ್ಲಿ ಕೊಟ್ಟ ಕೆಲಸ ಇದು: ನಿಜವಾದ ಒಂದು ಕುಟುಂಬವನ್ನು ಭೇಟಿ ಮಾಡಿ, ಅವರ ಮನೆಗೆ ಏನು ಬೇಕು ಅನ್ನುವುದನ್ನು ಬರಹದಲ್ಲಿ ತರಬೇಕು. ನಕ್ಷೆ ಮಾಡುವವರು ಅವರೇ ಗೊತ್ತುಮಾಡಿಕೊಂಡಿದ್ದ ಲೈಸೆನ್ಸ್ ಇರುವ ಆರ್ಕಿಟೆಕ್ಟ್. ನಮ್ಮದು ಬರೀ ಪ್ರಶ್ನಾವಳಿ, ದುಡ್ಡು ಕಾಸಿನ ಮಾತಿಲ್ಲ. ಸಂಘದ ಯುಗಾದಿ ಊಟದಲ್ಲಿ ಪರಿಚಯವಾದ ಸನ್ನಿವೇಲ್‌ನ ಒಂದು ಕುಟುಂಬ ಒಪ್ಪಿಕೊಂಡಿತು. ಅಂಕಲ್, ಆಂಟಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಒಬ್ಬ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅಂಕಲ್ ಅವರ ಅಪ್ಪ ಅಮ್ಮ ತೀರ್ಥಹಳ್ಳಿಯವರು, ವರ್ಷಕ್ಕೊಮ್ಮೆ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಹಿತ್ತಲಲ್ಲಿ ಅಜ್ಜ ಅಜ್ಜಿಗೆ ಒಂದು ಪುಟ್ಟ ಮನೆ ಕಟ್ಟಬೇಕು ಅನ್ನುವುದು ಅಂಕಲ್ ಆಸೆ.

ಮೊದಲ ಪ್ರಶ್ನಾವಳಿಯನ್ನು ನಮ್ಮ ಮೇಷ್ಟ್ರ ಮುಂದೆ ಇಟ್ಟೆವು. ಅವರು ಪೂರ್ತಿ ಓದಲೂ ಇಲ್ಲ. ಮೂರನೇ ಪ್ರಶ್ನೆಯ ಮೇಲೆ ಬೆರಳಿಟ್ಟು, "ಇದಕ್ಕೆ ಅವರು ಹೌದು ಅಂದರೆ ನಕ್ಷೆಯಲ್ಲಿ ಯಾವ ಗೆರೆ ಬದಲಾಗುತ್ತೆ? ಇಲ್ಲ ಅಂದರೆ ಯಾವ ಗೆರೆ ಬದಲಾಗುತ್ತೆ?" ಅಂತ ಕೇಳಿದರು. ಆ ಪ್ರಶ್ನೆ "ನಿಮಗೆ ಮಾಡರ್ನ್ ಶೈಲಿ ಇಷ್ಟವೋ, ಸಾಂಪ್ರದಾಯಿಕ ಶೈಲಿ ಇಷ್ಟವೋ?" ಅನ್ನುವುದಾಗಿತ್ತು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಕೂತು ನಲವತ್ತೆರಡಕ್ಕೂ ಅದೇ ಪರೀಕ್ಷೆ ಮಾಡಿದೆವು. ಉಳಿದದ್ದು ಒಂಬತ್ತು.

ಮುಂದೆ ಹೇಳುವುದು ಆ ಒಂಬತ್ತಕ್ಕೆ ಐದು ಸೇರಿ ಹದಿನಾಲ್ಕಾದ ಕಥೆ, ಮತ್ತು ಅದರಲ್ಲಿ ಒಂದು ಪ್ರಶ್ನೆ ಇಡೀ ಯೋಜನೆಯನ್ನೇ ತಿರುಗಿಸಿದ ಕಥೆ.

ನಮಗಿಂತ ಮುಂಚೆ ಕೇಳಿದವರು

ಮನೆಯವರನ್ನು ಬರಹದಲ್ಲಿ ವಿಚಾರಿಸುವ ಪದ್ಧತಿ ಕ್ಯಾಲಿಫೋರ್ನಿಯಾಗೆ ಹೊಸದಲ್ಲ. ಲಾಸ್ ಏಂಜಲಿಸ್‌ನ ಆರ್ಕಿಟೆಕ್ಟ್ ರಿಚರ್ಡ್ ನ್ಯೂಟ್ರಾ ತನ್ನ ಗ್ರಾಹಕರಿಂದ ಅವರ ದಿನಚರಿ, ಇಷ್ಟ, ಅಭ್ಯಾಸಗಳನ್ನು ಬರೆಸಿಕೊಳ್ಳುತ್ತಿದ್ದ. ಪ್ಯಾಸಡೀನಾದಲ್ಲಿ 1955ರಲ್ಲಿ ಮುಗಿದ ಪರ್ಕಿನ್ಸ್ ಮನೆಗಾಗಿ, ಕಲಾ ಇತಿಹಾಸದ ಪ್ರಾಧ್ಯಾಪಕಿ ಕಾನ್‌ಸ್ಟನ್ಸ್ ಪರ್ಕಿನ್ಸ್ ತಮ್ಮದೇ ಒಂದು ಚಿಕ್ಕ ಆತ್ಮಕಥೆ ಬರೆದುಕೊಟ್ಟಿದ್ದರು. ಇನ್ನು ನಮ್ಮ ಬೇ ಏರಿಯಾದ ಕಡೆಯೇ ನೋಡಿದರೆ, ಬರ್ಕ್ಲಿಯಲ್ಲಿ ಪಾಠ ಹೇಳಿದ್ದ, ಸೋನೋಮಾ ಕರಾವಳಿಯಲ್ಲಿ ಸೀ ರ‍್ಯಾಂಚ್‌ನ ಮೊದಲ ಕಟ್ಟಡಗಳಲ್ಲಿ ಕೈಯಿದ್ದ ಚಾರ್ಲ್ಸ್ ಮೂರ್ ಮತ್ತು ಡಾನ್‌ಲಿನ್ ಲಿಂಡನ್, ಜೆರಾಲ್ಡ್ ಅಲೆನ್ ಜೊತೆ ಸೇರಿ 1974ರಲ್ಲಿ ‘ದ ಪ್ಲೇಸ್ ಆಫ್ ಹೌಸಸ್’ ಅನ್ನುವ ಪುಸ್ತಕ ತಂದರು. ಅದರ ಕೊನೆಯ ಭಾಗದಲ್ಲಿ, ಮನೆ ಕಟ್ಟಿಸಬೇಕು ಅನ್ನುವವರು ತಮ್ಮನ್ನು ತಾವೇ ಕೇಳಿಕೊಳ್ಳಲಿ ಅಂತ ಪ್ರಶ್ನೆಗಳನ್ನು ಸಾಲಾಗಿ ಕೊಟ್ಟಿದ್ದಾರೆ.

ಇವೆರಡನ್ನೂ ನೋಡಿದಾಗ ನಮಗೆ ಹೊಳೆದದ್ದು ಒಂದೇ. ನಾವು ಕೇಳಿದ್ದು ‘ಏನು ಬೇಕು’ ಅಂತ. ಅವರು ಕೇಳಿದ್ದು ‘ಹೇಗೆ ಬದುಕುತ್ತೀರಿ’ ಅಂತ. ಏನು ಬೇಕು ಅಂದರೆ ಯಾರಾದರೂ ಒಂದು ಕೋಣೆಯ ಹೆಸರು ಹೇಳುತ್ತಾರೆ: ಪೂಜಾ ರೂಮ್, ಆಫೀಸ್ ರೂಮ್, ಗೆಸ್ಟ್ ರೂಮ್. ಆ ಹೆಸರು ಕೇಳಿದ ತಕ್ಷಣ ನಮ್ಮ ತಲೆಯಲ್ಲಿ ಹತ್ತು ಅಡಿ ಹತ್ತು ಅಡಿಯ ಚೌಕ ಮೂಡುತ್ತದೆ. ಅಲ್ಲಿಗೆ ವಿಚಾರ ನಿಂತುಹೋಗುತ್ತದೆ.

ಬೇಕಾದ್ದಲ್ಲ, ನಡೆದದ್ದು

ಹಾಗಾಗಿ ಮೊದಲು ಮಾಡಿದ ಬದಲಾವಣೆ, ‘ಬೇಕಾ’ ಅನ್ನುವ ಪದ ಇರುವ ಪ್ರಶ್ನೆಗಳನ್ನೆಲ್ಲ ‘ನಿನ್ನೆ’, ‘ಹೋದ ವಾರ’, ‘ಕಳೆದ ಸಲ’ ಅಂತ ಶುರುವಾಗುವ ಪ್ರಶ್ನೆಗಳಾಗಿ ತಿರುಗಿಸಿದ್ದು. ಆಸೆಯ ಬಗ್ಗೆ ಕೇಳಿದರೆ ಜನ ಉದಾರವಾಗಿ ಹೇಳುತ್ತಾರೆ. ನಿನ್ನೆಯ ಬಗ್ಗೆ ಕೇಳಿದರೆ ನಡೆದದ್ದನ್ನೇ ಹೇಳಬೇಕಾಗುತ್ತದೆ.

ಪೂಜಾ ರೂಮಿನ ಪ್ರಶ್ನೆ ಹೀಗಾಯಿತು: "ನಿನ್ನೆ ಮನೆಯಲ್ಲಿ ದೀಪ ಹಚ್ಚಿದ್ದು ಯಾರು, ಎಷ್ಟು ಹೊತ್ತಿಗೆ? ಕೂತು ಮಾಡಿದರಾ, ನಿಂತು ಮಾಡಿದರಾ? ದೀಪ ಎಷ್ಟು ಹೊತ್ತು ಉರಿಯಿತು?" ಬಂದ ಉತ್ತರ ಕೇಳಿ. ಆಂಟಿ ಬೆಳಿಗ್ಗೆ ಆರೂಮುಕ್ಕಾಲಿಗೆ, ಆಫೀಸಿಗೆ ಹೊರಡುವ ಮುಂಚೆ, ಅಡುಗೆಮನೆಯ ಕಪಾಟಿನ ಮುಂದೆ ನಿಂತೇ ಎರಡು ನಿಮಿಷ. ಅಜ್ಜಿ ಬಂದಿದ್ದಾಗ ಬೆಳಿಗ್ಗೆ ಮುಕ್ಕಾಲು ಗಂಟೆ, ನೆಲದ ಮೇಲೆ ಮಣೆ ಹಾಕಿ ಕೂತು. ಮೊಣಕಾಲು ನೋವು ಬಂದ ಮೇಲೆ ಚಿಕ್ಕ ಸ್ಟೂಲಿನ ಮೇಲೆ. ಕೊನೆಗೆ ಕರ್ಪೂರದ ಆರತಿ. ಕರ್ಪೂರ ಹಚ್ಚಿದರೆ ಹಜಾರದ ಸ್ಮೋಕ್ ಅಲಾರ್ಮ್ ಕಿರುಚುತ್ತದೆ ಅಂತ ಅಜ್ಜ ಅದರ ಕೆಳಗೆ ನಿಂತು ಪೇಪರಿನಲ್ಲಿ ಬೀಸುತ್ತಾರಂತೆ.

ಇದರಿಂದ ನಕ್ಷೆಗೆ ಮೂರು ವಿಷಯ ಸಿಕ್ಕಿತು. ಬೇರೆ ಕೋಣೆ ಬೇಕಿಲ್ಲ, ಎರಡು ಎತ್ತರದಲ್ಲಿ ಬಳಸಬಹುದಾದ ಒಂದು ಕಪಾಟು ಸಾಕು. ಒಬ್ಬರು ನಿಂತು, ಇನ್ನೊಬ್ಬರು ಸ್ಟೂಲಿನ ಮೇಲೆ ಕೂತು. ಅದರ ಮುಂದೆ ಮುಕ್ಕಾಲು ಗಂಟೆ ಒಬ್ಬರು ಕೂತಿದ್ದರೂ ಬೇರೆಯವರು ಕಾಫಿಗೆ ಓಡಾಡುವಷ್ಟು ಜಾಗ ಬಿಡಬೇಕು. ಮತ್ತೆ ಅದು ಮಲಗುವ ಕೋಣೆಯಲ್ಲಿ ಇರಬಾರದು, ಯಾಕೆಂದರೆ ಇಲ್ಲಿನ ನಿಯಮದಲ್ಲಿ ಪ್ರತಿ ಮಲಗುವ ಕೋಣೆಯೊಳಗೂ, ಅದರ ಹೊರಗಿನ ಹಜಾರದಲ್ಲೂ ಸ್ಮೋಕ್ ಅಲಾರ್ಮ್ ಇರಲೇಬೇಕು. ಊಟದ ಜಾಗದ ಪಕ್ಕ, ತೆರೆಯಬಹುದಾದ ಕಿಟಕಿಯ ಹತ್ತಿರ ಇಟ್ಟರೆ ಅಜ್ಜ ಪೇಪರ್ ಬೀಸುವುದು ತಪ್ಪುತ್ತದೆ. ‘ಪೂಜಾ ರೂಮ್ ಬೇಕು’ ಅನ್ನುವ ಉತ್ತರದಲ್ಲಿ ಇದ್ಯಾವುದೂ ಇರಲಿಲ್ಲ.

ವಾಸ್ತುವಿನ ಬಗ್ಗೆಯೂ ಒಂದು ಮಾತು. ಅದನ್ನು ಕೇಳೋಕೆ ನಮಗೆ ಸಂಕೋಚ ಇತ್ತು, ಬಿಟ್ಟುಬಿಟ್ಟಿದ್ದೆವು. ಅದು ತಪ್ಪು. ನಕ್ಷೆ ಮುಗಿದ ಮೇಲೆ ಊರಿಂದ ಫೋನ್ ಬಂದು ಬಚ್ಚಲು ಈಶಾನ್ಯದಲ್ಲಿದೆ ಅಂದರೆ ಪೈಪು, ಡ್ರೇನು ಎಲ್ಲ ಮತ್ತೆ ಮೊದಲಿಂದ. ಹಾಗಾಗಿ ನೇರವಾಗಿಯೇ ಕೇಳಿ: "ದಿಕ್ಕಿನ ವಿಷಯದಲ್ಲಿ ಬಿಟ್ಟುಕೊಡಲಾಗದ ನಿಯಮ ಯಾವುದು? ಅದು ಮನೆಯಲ್ಲಿ ಯಾರ ನಿಯಮ?" ಈ ಮನೆಯಲ್ಲಿ ಅದು ಒಂದೇ ಇತ್ತು, ಅಜ್ಜನದು: ಉತ್ತರಕ್ಕೆ ತಲೆಯಿಟ್ಟು ಮಲಗುವುದಿಲ್ಲ. ಅಂದರೆ ಮಂಚ ಹಾಕುವ ಗೋಡೆ ಯಾವುದು ಅನ್ನುವುದು ತೀರ್ಮಾನವಾಯಿತು, ಕಿಟಕಿ ಎಲ್ಲಿ ಬರಬೇಕು ಅನ್ನುವುದೂ ಜೊತೆಗೇ ಆಯಿತು.

ಒಬ್ಬೊಬ್ಬರಿಗೆ ಒಂದೊಂದು ಹಾಳೆ

ಮೊದಲ ಭೇಟಿಯಲ್ಲಿ ನಾವು ಮಾಡಿದ ಇನ್ನೊಂದು ತಪ್ಪು, ಎಲ್ಲರನ್ನೂ ಸೋಫಾದ ಮೇಲೆ ಕೂರಿಸಿ ಒಟ್ಟಿಗೆ ಕೇಳಿದ್ದು. ಉತ್ತರ ಕೊಟ್ಟವರು ಬಹುತೇಕ ಅಂಕಲ್ ಒಬ್ಬರೇ. ಆಂಟಿ ನಡುನಡುವೆ ತಿದ್ದಿದರು. ಅಜ್ಜಿ "ನಂಗೇನು ಗೊತ್ತಾಗ್ತದೆ, ಅವನನ್ನೇ ಕೇಳಿ" ಅಂದು ಒಳಗೆ ಹೋದರು. ಕಟ್ಟುವುದು ಯಾರಿಗಾಗಿಯೋ ಅವರೇ ಎದ್ದುಹೋಗಿದ್ದು ನಮ್ಮ ಗಮನಕ್ಕೇ ಬರಲಿಲ್ಲ.

ಎರಡನೇ ಸಲ ಮನುಷ್ಯರಿಗೆ ಒಂದರಂತೆ ಐದು ಹಾಳೆ ಮಾಡಿಕೊಂಡು ಹೋದೆವು. ಅಜ್ಜ ಅಜ್ಜಿಯ ಹಾಳೆ ಕನ್ನಡದಲ್ಲಿ. ಇಲ್ಲಿ ಒಂದು ಚಿಕ್ಕ ವಿಷಯ ಕಲಿತೆವು. ಇಂಗ್ಲಿಷ್ ಪ್ರಶ್ನೆಯನ್ನೇ ಕನ್ನಡಕ್ಕೆ ತಿರುಗಿಸಿದರೆ ಸಾಲುವುದಿಲ್ಲ, ಪದ ಬದಲಾದರೆ ವಿಚಾರಿಸುವ ವಿಷಯವೂ ಬದಲಾಗುತ್ತದೆ. ‘ಬಾತ್‌ರೂಮ್ ಹೇಗಿರಬೇಕು’ ಅಂದಾಗ "ಚೊಕ್ಕ ಇದ್ರೆ ಸಾಕು" ಅಂದಿದ್ದ ಅಜ್ಜಿ, ‘ಊರಲ್ಲಿ ಬಚ್ಚಲಲ್ಲಿ ಸ್ನಾನ ಹೇಗೆ ಮಾಡ್ತೀರಿ, ಇಲ್ಲಿ ಹೇಗೆ ಮಾಡ್ತೀರಿ’ ಅಂತ ಕೇಳಿದ್ದಕ್ಕೆ ಹತ್ತು ನಿಮಿಷ ಮಾತಾಡಿದರು.

ಊರಲ್ಲಿ ಹಂಡೆಯ ನೀರು, ಬಕೆಟ್ಟು, ಚೊಂಬು, ಕೂರುವ ಕಲ್ಲು. ಇಲ್ಲಿ ಬಾತ್‌ಟಬ್. ಟಬ್ಬಿನ ಅಂಚು ಹೆಚ್ಚುಕಡಿಮೆ ಹದಿನೈದು ಇಂಚು ಎತ್ತರ. ದಾಟುವಾಗ ಒಂದು ಕೈ ಗೋಡೆ ಮೇಲೆ, ಇನ್ನೊಂದು ಕೈ ಶವರ್ ಪರದೆ ಮೇಲೆ. ಪರದೆಯ ಕಂಬಿ ಒಂದು ಸಲ ಕಳಚಿ ಬಂದಿದೆ. ಅದನ್ನು ಮಗನಿಗೆ ಹೇಳಿರಲಿಲ್ಲ. "ಹೇಳಿದ್ರೆ ಸುಮ್ನೆ ಗಾಬರಿ ಮಾಡ್ಕೋತಾನೆ ಮಾರಾಯ. ನಾವು ಇರೋದೇ ಆರು ತಿಂಗಳು" ಅಂದರು. ಟಬ್ಬಿನೊಳಗೆ ಬಕೆಟ್ ಇಟ್ಟು, ಸ್ಟೂಲ್ ಇಟ್ಟು, ಅದರ ಮೇಲೆ ಕೂತು ಚೊಂಬಿನಲ್ಲಿ ಹಾಕಿಕೊಳ್ಳುತ್ತಾರೆ.

ಇಷ್ಟು ಗೊತ್ತಾದ ಮೇಲೆ ‘ಬಾತ್‌ರೂಮ್’ ಅನ್ನುವುದು ಒಂದು ಚೌಕವಾಗಿ ಉಳಿಯಲಿಲ್ಲ. ಅಂಚೇ ಇಲ್ಲದೆ ನೇರ ನಡೆದು ಹೋಗುವ ಸ್ನಾನದ ನೆಲ ಬೇಕು. ಕೂತವರ ಕೈಗೆ ಎಟುಕುವ ಎತ್ತರದಲ್ಲಿ, ಬಕೆಟ್ ಇಡುವ ಜಾಗದ ಮೇಲೆ, ಒಂದು ನಲ್ಲಿ ಬೇಕು. ಹಿಡಿಕೆ ಹಾಕಲು ಗೋಡೆಯೊಳಗೆ ಮೊದಲೇ ಮರದ ಹಲಗೆ ಕೂರಿಸಬೇಕು, ಆಮೇಲೆ ಬರೀ ಜಿಪ್ಸಮ್ ಬೋರ್ಡಿಗೆ ಸ್ಕ್ರೂ ಹೊಡೆದರೆ ಭಾರ ತಡೆಯುವುದಿಲ್ಲ.

ಮನೆಗೂ ಒಂದು ಹಾಳೆ

ಮನುಷ್ಯರಿಗೆ ಐದು ಹಾಳೆ ಆಯಿತಲ್ಲ, ಆರನೆಯದು ಮನೆಗೆ. ಇದನ್ನು ಒಂದು ವಾರ ಮುಂಚೆಯೇ ಕಳಿಸಬೇಕು, ಯಾಕೆಂದರೆ ಉತ್ತರಗಳು ಮನೆಯವರ ನೆನಪಿನಲ್ಲಿ ಇರುವುದಿಲ್ಲ, ಕಾಗದಗಳಲ್ಲಿ ಇರುತ್ತವೆ. ಮನೆ ಕಟ್ಟಿದ ವರ್ಷ ಯಾವುದು? ಹಳೆಯ ನಕ್ಷೆ ಇದೆಯಾ? ಮುಂಚಿನವರು ಏನಾದರೂ ಸೇರಿಸಿದ್ದಾರಾ, ಅದಕ್ಕೆ ಪರ್ಮಿಟ್ ಇತ್ತಾ? ಮನೆ ಬೆಚ್ಚಗಾಗುವುದು ಯಾವುದರಿಂದ? ಎಲ್ಲಾದರೂ ಸೋರಿದೆಯಾ? ಎಲೆಕ್ಟ್ರಿಕ್ ಪ್ಯಾನೆಲ್ಲಿನ ಬಾಗಿಲು ತೆಗೆದು ಒಂದು ಫೋಟೋ ಕಳಿಸ್ತೀರಾ?

ಈ ಮನೆ 1950ರ ದಶಕದ ಐಕ್ಲರ್ ಮನೆ. ಬೇ ಏರಿಯಾದಲ್ಲಿ ಮನೆ ಹುಡುಕಿದವರಿಗೆಲ್ಲ ಈ ಹೆಸರು ಗೊತ್ತಿರುತ್ತದೆ. ಜೋಸೆಫ್ ಐಕ್ಲರ್ ಅನ್ನುವ ಬಿಲ್ಡರ್ 1940ರ ದಶಕದ ಕೊನೆಯಿಂದ ಸನ್ನಿವೇಲ್, ಪಾಲೋ ಆಲ್ಟೋ, ಸ್ಯಾನ್ ರಫೇಲ್ ಮುಂತಾದ ಕಡೆ ಕ್ಯಾಲಿಫೋರ್ನಿಯಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದ. ಒಂದೇ ಅಂತಸ್ತು, ಹಿತ್ತಲ ಕಡೆ ನೆಲದಿಂದ ಸೂರಿನವರೆಗೆ ಗಾಜು, ಮೇಲೆ ಕಾಣುವ ಮರದ ತೊಲೆಗಳು. ನೋಡೋಕೆ ಚಂದ. ಆದರೆ ತಿದ್ದುವವರಿಗೆ ಅದರಲ್ಲಿ ಎರಡು ತೊಡಕು ಇವೆ. ಒಂದು, ಸೂರಿನ ಹಲಗೆಯ ಮೇಲೆ ಅಟ್ಟವೇ ಇಲ್ಲ. ವೈರು, ಹೊಗೆಕೊಳವೆ ಬಚ್ಚಿಡೋಕೆ ಜಾಗ ಇಲ್ಲ. ಎರಡು, ಮನೆ ಬೆಚ್ಚಗಾಗುವುದು ನೆಲದಿಂದ. ಕಾಂಕ್ರೀಟ್ ಸ್ಲ್ಯಾಬಿನೊಳಗೇ ಬಿಸಿನೀರಿನ ಕೊಳವೆ ಹೂತಿರುತ್ತಾರೆ. ಬಚ್ಚಲಿನ ಡ್ರೇನಿಗೆ ಅಂತ ಎಲ್ಲೋ ಒಂದು ಕಡೆ ಕೊಯ್ದರೆ ಆ ಕೊಳವೆ ಕತ್ತರಿಸಿಹೋಗಬಹುದು. ಹಾಗಾಗಿ ಮೊದಲು ಹೀಟಿಂಗ್ ಹಾಕಿ, ಶಾಖ ತೋರಿಸುವ ಕ್ಯಾಮೆರಾದಲ್ಲಿ ಕೊಳವೆಯ ದಾರಿ ಗುರುತುಮಾಡಿಕೊಳ್ಳುತ್ತಾರೆ.

ಈಗ ಅಜ್ಜಿಯ ಹಾಳೆಯನ್ನೂ ಮನೆಯ ಹಾಳೆಯನ್ನೂ ಪಕ್ಕಪಕ್ಕ ಇಡಿ. ಅಂಚಿಲ್ಲದ ಸ್ನಾನದ ನೆಲಕ್ಕೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಕೊಡಬೇಕು. ಅದಕ್ಕೆ ಸ್ಲ್ಯಾಬನ್ನು ತಗ್ಗಿಸಬೇಕು. ತಗ್ಗಿಸಬೇಕಾದ ಜಾಗದಲ್ಲೇ ಬಿಸಿನೀರಿನ ಕೊಳವೆ. ಈಗಿರುವ ಬಚ್ಚಲನ್ನು ಸರಿಮಾಡೋಣ ಅನ್ನುವ ಸುಲಭದ ದಾರಿ ಅಲ್ಲೇ ಕಷ್ಟದ್ದಾಯಿತು. ಇದು ನಕ್ಷೆಗೆ ಮುಂಚೆಯೇ ಗೊತ್ತಾಗಿದ್ದು ಎರಡು ಹಾಳೆ ಇದ್ದಿದ್ದರಿಂದ.

ಅಡುಗೆಮನೆಯದೂ ಅದೇ ಕಥೆ. "ಹೋದ ವಾರ ಒಗ್ಗರಣೆ, ಕರಿಯೋದು ಎಷ್ಟು ಸಲ ಆಯ್ತು, ಎಲ್ಲಿ?" ಅಂತ ಕೇಳಿದ್ದಕ್ಕೆ ಆಂಟಿ ನಕ್ಕರು. ಒಗ್ಗರಣೆ ದಿನಾ ಎರಡು ಹೊತ್ತು. ಕರಿಯೋದು ಇದ್ದರೆ ಹಿತ್ತಲ ಕಟ್ಟೆಯ ಮೇಲೆ ಇಂಡಕ್ಷನ್ ಒಲೆ ಇಟ್ಟು. ಯಾಕೆಂದರೆ ಒಲೆಯ ಮೇಲಿನ ಹುಡ್ ಗಾಳಿಯನ್ನು ಹೊರಗೆ ಕಳಿಸುವುದಿಲ್ಲ, ಫಿಲ್ಟರಿನಲ್ಲಿ ಸೋಸಿ ಮತ್ತೆ ಒಳಗೇ ಬಿಡುತ್ತದೆ. ತೆರೆದ ಮನೆಯಲ್ಲಿ ಸಾಸಿವೆ ಸಿಡಿದ ವಾಸನೆ ಮಗಳ ಕೋಟಿನವರೆಗೂ ಹೋಗುತ್ತದೆ. ಅಟ್ಟ ಇಲ್ಲದ ಮನೆಯಲ್ಲಿ ಹೊಗೆಕೊಳವೆ ನೇರ ಸೂರು ಸೀಳಿ ಮೇಲೆ ಹೋಗಬೇಕು, ಇಲ್ಲವೇ ಹೊರಗಿನ ಗೋಡೆಯಿಂದ. ಅಂದರೆ ಒಲೆ ಹೊರಗೋಡೆಗೆ ತಾಗಿರಬೇಕು, ಅಥವಾ ಎರಡು ತೊಲೆಗಳ ನಡುವೆ ಬರಬೇಕು. ‘ಅಡುಗೆಮನೆ ದೊಡ್ಡದು ಮಾಡಿ’ ಅಂದಿದ್ದ ಆಂಟಿಗೆ ನಿಜಕ್ಕೂ ಬೇಕಾಗಿದ್ದದ್ದು ದೊಡ್ಡ ಅಡುಗೆಮನೆ ಅಲ್ಲ, ಹೊಗೆ ಹೊರಗೆ ಹೋಗುವ ದಾರಿ.

ಉಳಿದ ಆರು ತಿಂಗಳು

ಇನ್ನು ಆ ಹಿತ್ತಲ ಮನೆಯ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಎ.ಡಿ.ಯು ಅನ್ನುತ್ತಾರೆ. 2020ರಿಂದ ಜಾರಿಗೆ ಬಂದ ರಾಜ್ಯ ಕಾನೂನಿನಿಂದ ಇದು ಬಹಳ ಸುಲಭವಾಗಿದೆ: ಪಕ್ಕದ ಮತ್ತು ಹಿಂದಿನ ಬೇಲಿಯಿಂದ 4 ಅಡಿ ಬಿಟ್ಟು 800 ಚದರ ಅಡಿಯವರೆಗಿನ ಮನೆಯನ್ನು ಊರಿನ ಆಡಳಿತ ಜಾಗದ ಅಳತೆಯ ನೆಪ ಹೇಳಿ ತಡೆಯುವಂತಿಲ್ಲ. 750 ಚದರ ಅಡಿಗಿಂತ ಚಿಕ್ಕದಾದರೆ ಇಂಪ್ಯಾಕ್ಟ್ ಫೀ ಇಲ್ಲ. ಅಂಕಲ್ ಇದನ್ನೆಲ್ಲ ಓದಿಕೊಂಡಿದ್ದರು. 740 ಚದರ ಅಡಿ, ಒಂದು ಬೆಡ್‌ರೂಮು, ಅಪ್ಪ ಅಮ್ಮ ಇದ್ದಾಗ ಅವರಿಗೆ, ಇಲ್ಲದಾಗ ಬಾಡಿಗೆಗೆ. ಬಾಡಿಗೆಯಿಂದ ಸಾಲದ ಕಂತು ಕಟ್ಟುವ ಲೆಕ್ಕದ ಶೀಟನ್ನೂ ತೋರಿಸಿದ್ದರು.

ನಮ್ಮ ಹೊಸ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: "ಹೊಸದಾಗಿ ಕಟ್ಟುವ ಜಾಗದಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ, ಪ್ರತಿ ತಿಂಗಳು, ರಾತ್ರಿ ಮಲಗುವವರು ಯಾರು?" ಕೆಳಗೆ ಹನ್ನೆರಡು ಖಾಲಿ ಚೌಕ. ಅಂಕಲ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ‘ಅಪ್ಪ ಅಮ್ಮ’ ಅಂತ ಬರೆದರು. ಉಳಿದ ಆರರಲ್ಲಿ ‘ಬಾಡಿಗೆದಾರರು’ ಅಂತ ಬರೆಯಲು ಹೋಗಿ ಪೆನ್ನು ನಿಲ್ಲಿಸಿದರು. ಅಕ್ಟೋಬರ್‌ನಲ್ಲಿ ಬಂದು ಮಾರ್ಚ್‌ನಲ್ಲಿ ಬಿಟ್ಟುಹೋಗುವ ಬಾಡಿಗೆದಾರ ಯಾರು? ಅವರ ಶೀಟಿನಲ್ಲಿ ಬಾಡಿಗೆ ಹನ್ನೆರಡು ತಿಂಗಳದ್ದು ಲೆಕ್ಕವಾಗಿತ್ತು. ವರ್ಷದ ಕರಾರು ಮಾಡಿದರೆ ಅಜ್ಜ ಅಜ್ಜಿ ಬಂದಾಗ ಮಲಗುವುದು ಮತ್ತೆ ಈಗಿನ ಕೋಣೆಯಲ್ಲೇ, ಟಬ್ಬಿನ ಅದೇ ಅಂಚು ದಾಟಿಕೊಂಡು. ಅಂದರೆ ಅಪ್ಪ ಅಮ್ಮನಿಗೆ ಅಂತ ಕಟ್ಟಿದ ಮನೆಯಲ್ಲಿ ಅಪ್ಪ ಅಮ್ಮ ಇರುವುದೇ ಇಲ್ಲ.

ಅಂಕಲ್ ಸುಮಾರು ಹೊತ್ತು ಆ ಚೌಕಗಳನ್ನೇ ನೋಡಿದರು. ಅಷ್ಟರಲ್ಲಿ ಅಜ್ಜಿಯ ಹಾಳೆಯ ಕೊನೆಯ ಪ್ರಶ್ನೆಯ ಉತ್ತರವನ್ನು ಆಂಟಿ ಓದಿದರು. ಪ್ರಶ್ನೆ: "ಈ ಮನೆಯಲ್ಲಿ ರಾತ್ರಿ ಎದ್ದದ್ದು ಯಾವಾಗ, ಎಲ್ಲಿಗೆ ಹೋದಿರಿ?" ಅಜ್ಜಿ ಬರೆದಿದ್ದರು: ಹೋದ ವರ್ಷ ಒಂದು ರಾತ್ರಿ ಇವರಿಗೆ ಶುಗರ್ ಇಳಿದು ಬೆವತುಹೋದರು. ಮಗನ ಬಾಗಿಲು ತಟ್ಟಿದೆ, ಸೊಸೆ ಓಡಿ ಬಂದಳು.

ಹಿತ್ತಲ ಮನೆಯಾಗಿದ್ದರೆ ಅಜ್ಜಿ ಕತ್ತಲಲ್ಲಿ ಚಪ್ಪಲಿ ಹುಡುಕಿ, ಅಂಗಳ ದಾಟಿ, ಬೀಗ ಹಾಕಿದ ಗಾಜಿನ ಬಾಗಿಲು ತಟ್ಟಬೇಕಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂಕಲ್ ಮಾತ್ರ "ಅಮ್ಮ, ನೀನು ಹಿತ್ತಲಲ್ಲಿ ಬೇಡ ಅಂತ ಯಾಕೆ ಹೇಳಲಿಲ್ಲ?" ಅಂದರು. "ನೀನು ಆಸೆಪಟ್ಟು ಹೇಳ್ತಿದ್ದೆ ಮಗಾ" ಅಂದರು ಅಜ್ಜಿ.

ಆಮೇಲೆ ಯೋಜನೆ ಬದಲಾಯಿತು. ಹೊಸ ವಿಚಾರ ಗರಾಜಿನದು. ಅದು ಮನೆಗೆ ತಾಗಿಕೊಂಡೇ ಇದೆ. ಐಕ್ಲರ್ ಮನೆಗಳಲ್ಲಿ ಗರಾಜಿನ ನೆಲದಲ್ಲಿ ಸಾಮಾನ್ಯವಾಗಿ ಬಿಸಿನೀರಿನ ಕೊಳವೆ ಇರುವುದಿಲ್ಲ, ಆದರೂ ಕ್ಯಾಮೆರಾದಲ್ಲಿ ನೋಡಿಯೇ ಮುಂದುವರಿಯಬೇಕು. ನಾವು ಅಳೆದಾಗ ಗರಾಜಿನ ನೆಲ ಮನೆಯ ನೆಲಕ್ಕಿಂತ 5 ಇಂಚು ತಗ್ಗಿತ್ತು. ಆ ತಗ್ಗೇ ಅನುಕೂಲ. ಕೋಣೆಯ ನೆಲವನ್ನು ಮನೆಯ ಮಟ್ಟಕ್ಕೆ ಎತ್ತರಿಸಿದರೆ, ಸ್ನಾನದ ಜಾಗದಲ್ಲಿ ಇಳಿಜಾರಿಗೆ ಬೇಕಾದ ಆಳ ತಾನಾಗೇ ಸಿಗುತ್ತದೆ. ಡ್ರೇನಿನ ಪೈಪಿಗೆ ಕಾಂಕ್ರೀಟ್ ಕೊಯ್ಯುವುದು ತಪ್ಪುವುದಿಲ್ಲ. ಎತ್ತರಿಸಿದ ಮೇಲೂ ಸೂರಿನವರೆಗೆ ಕನಿಷ್ಠ 7 ಅಡಿ ಉಳಿಯಬೇಕು ಅನ್ನುವುದು ನಿಯಮ, ಇಲ್ಲಿ ಏಳೂವರೆ ಉಳಿಯುತ್ತದೆ. ಹೊರಗೆ ಒಂದು ಬಾಗಿಲು ಇಡುತ್ತಾರೆ. ಮುಂದೆ ಎಂದಾದರೂ ಬಾಡಿಗೆಗೆ ಕೊಡುವ ಮನಸ್ಸಾದರೆ ಒಂದು ಚಿಕ್ಕ ಅಡುಗೆಕಟ್ಟೆ ಸೇರಿಸಿ ಅದನ್ನು ಜೂನಿಯರ್ ಎ.ಡಿ.ಯು ಮಾಡಬಹುದು. ಮನೆಯ ಗೋಡೆಗಳೊಳಗೇ 500 ಚದರ ಅಡಿಯವರೆಗೆ ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ. ಕಾರು ಹೊರಗೆ ನಿಲ್ಲಬೇಕು, ಅದು ಅಂಕಲ್‌ಗೆ ಸ್ವಲ್ಪ ನೋವು. ಅಜ್ಜ ಅಜ್ಜಿ ಇಲ್ಲದ ಆರು ತಿಂಗಳು ಆ ಕೋಣೆ ಆಂಟಿಯ ಆಫೀಸು. ಹಾಗಾಗಿ ಆಫೀಸ್ ರೂಮಿನ ಆಸೆಯೂ ತೀರಿತು.

ದುಡ್ಡಿನ ಪ್ರಶ್ನೆ

‘ಬಜೆಟ್ ಎಷ್ಟು’ ಅಂದರೆ ಒಂದೋ ಉತ್ತರ ಬರುವುದಿಲ್ಲ, ಇಲ್ಲವೇ ಕಡಿಮೆ ಹೇಳುತ್ತಾರೆ. ಪೂರ್ತಿ ಹೇಳಿದರೆ ಅಷ್ಟೂ ಖರ್ಚು ಮಾಡಿಸುತ್ತಾರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಅದನ್ನು ನಾವು ಎರಡಾಗಿ ಒಡೆದೆವು. "ಎಷ್ಟು ದಾಟಿದರೆ ಈ ಕೆಲಸವೇ ಬೇಡ ಅನ್ನುತ್ತೀರಿ?" ಮತ್ತು "ಆ ಮೊತ್ತದೊಳಗೆ ಇವುಗಳಲ್ಲಿ ಯಾವುದು ಸೇರಿದೆ?" ಎರಡನೆಯದರ ಕೆಳಗೆ ಟಿಕ್ ಹಾಕಲು ಪಟ್ಟಿ: ಕಟ್ಟುವ ಖರ್ಚು, ಆರ್ಕಿಟೆಕ್ಟ್ ಮತ್ತು ಇಂಜಿನಿಯರ್ ಫೀ, ಪರ್ಮಿಟ್ ಶುಲ್ಕ, ಕೆಲಸ ನಡೆಯುವಾಗ ಬೇರೆ ಕಡೆ ಇರುವ ಖರ್ಚು, ಗೋಡೆ ಒಡೆದಾಗ ಸಿಗುವ ಆಶ್ಚರ್ಯಗಳಿಗೆ ತೆಗೆದಿಟ್ಟ ಹಣ. ಅಂಕಲ್ ಟಿಕ್ ಹಾಕಿದ್ದು ಮೊದಲನೆಯದಕ್ಕೆ ಮಾತ್ರ. ಅವರು ಸುಳ್ಳು ಹೇಳುತ್ತಿರಲಿಲ್ಲ, ಉಳಿದವು ಬೇರೆ ಖರ್ಚು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಹಳೆಯ ಮನೆಯ ಕೆಲಸದಲ್ಲಿ ಕೊನೆಯದಕ್ಕೇ ಶೇಕಡಾ 10ರಿಂದ 20 ತೆಗೆದಿಡುವುದು ವಾಡಿಕೆ. ಈ ಪ್ರಶ್ನೆಯನ್ನು ಮಗಳ ಮುಂದೆ, ಅಜ್ಜ ಅಜ್ಜಿಯ ಮುಂದೆ ಕೇಳಬೇಡಿ. ಕೊನೆಯ ಹದಿನೈದು ನಿಮಿಷ, ಗಂಡ ಹೆಂಡತಿ ಇಬ್ಬರನ್ನೇ ಕೂರಿಸಿ ಕೇಳಿ.

ನಮ್ಮ ಹದಿನಾಲ್ಕು

ಕೊನೆಗೆ ಉಳಿದ ಪ್ರಶ್ನೆಗಳು ಇವು. ಮನೆಯ ಹಾಳೆ ಮುಂಚೆ ಹೋಗಲಿ, ಉಳಿದವು ಎದುರಿಗೆ.

1. ಮನೆ ಕಟ್ಟಿದ ವರ್ಷ, ಹಳೆಯ ನಕ್ಷೆ, ಪರ್ಮಿಟ್ ಕಾಗದ ಏನೇನಿದೆ?
2. ನೆಲದಡಿ, ಸೂರಿನ ಮೇಲೆ, ಗೋಡೆಯೊಳಗೆ ಏನು ಹೋಗಿದೆ? ಎಲ್ಲಿ ಸೋರಿತ್ತು?
3. ಈಗ ಯಾವ ಜಾಗ ಬಳಸದೆ ಖಾಲಿ ಬಿದ್ದಿದೆ, ಯಾಕೆ?
4. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮನೆಯಲ್ಲಿ ಎಲ್ಲೆಲ್ಲಿ ಇದ್ದಿರಿ?
5. ಆ ಹೊತ್ತಿನಲ್ಲಿ ಅಲ್ಲಿ ಇನ್ನು ಯಾರು ಇದ್ದರು? ಅವರಿಂದ ತೊಂದರೆಯಾಯಿತಾ?
6. ಸ್ನಾನ ಹೇಗೆ ಮಾಡುತ್ತೀರಿ, ಕೂತೋ ನಿಂತೋ?
7. ರಾತ್ರಿ ಎದ್ದದ್ದು ಯಾವಾಗ, ಎಲ್ಲಿಗೆ ಹೋದಿರಿ?
8. ಹೋದ ವಾರ ಒಲೆ ಎಷ್ಟು ಸಲ ಹಚ್ಚಿದಿರಿ? ಒಟ್ಟಿಗೆ ಎಷ್ಟು ಜನ ಅಡುಗೆಮನೆಯಲ್ಲಿ ಇದ್ದರು?
9. ನಿನ್ನೆ ದೀಪ ಹಚ್ಚಿದ್ದು ಯಾರು, ಎಲ್ಲಿ, ಎಷ್ಟು ಹೊತ್ತು?
10. ಮನೆಗೆ ಹೆಚ್ಚು ಜನ ಬಂದಿದ್ದು ಯಾವತ್ತು? ಎಲ್ಲಿ ಕೂತರು, ಎಲ್ಲಿ ಮಲಗಿದರು?
11. ಬಿಟ್ಟುಕೊಡಲಾಗದ ನಿಯಮ ಯಾವುದು, ಯಾರದ್ದು?
12. ಹೊಸ ಜಾಗದಲ್ಲಿ ಹನ್ನೆರಡು ತಿಂಗಳೂ ಮಲಗುವವರು ಯಾರು?
13. ಎಷ್ಟು ದಾಟಿದರೆ ಕೆಲಸ ಬೇಡ? ಅದರಲ್ಲಿ ಏನೇನು ಸೇರಿದೆ?
14. ಇಬ್ಬರ ಉತ್ತರ ಬೇರೆ ಬಂದರೆ ಕೊನೆಯ ಮಾತು ಯಾರದು?

ಪ್ರತಿ ಪ್ರಶ್ನೆಯ ಪಕ್ಕದಲ್ಲಿ ನಮ್ಮ ಪ್ರತಿಯಲ್ಲಿ ಮಾತ್ರ ಒಂದು ಖಾಲಿ ಅಂಕಣ ಇಟ್ಟುಕೊಂಡೆವು: ‘ಇದರಿಂದ ಬದಲಾಗುವ ಗೆರೆ’. ಭೇಟಿ ಮುಗಿದ ರಾತ್ರಿಯೇ ಅದನ್ನು ತುಂಬಬೇಕು, ಎರಡು ದಿನ ಬಿಟ್ಟರೆ ಅಜ್ಜಿಯ ದನಿ ಮರೆತು ಬರೀ ಅಕ್ಷರ ಉಳಿಯುತ್ತದೆ. ಅಂಕಣ ಖಾಲಿ ಉಳಿದರೆ ಪ್ರಶ್ನೆ ಸರಿ ಇರಲಿಲ್ಲ ಅಂತ. ಈ ಸಲ ನಮ್ಮ ಹತ್ತಿರ ಖಾಲಿ ಉಳಿದದ್ದು ಎರಡು, ಮೂರನೆಯದು ಮತ್ತು ಐದನೆಯದು. ಅವನ್ನು ಇನ್ನೂ ತಿದ್ದುತ್ತಿದ್ದೇವೆ.

ಪ್ರಶ್ನಾವಳಿಯಿಂದ ಆಗದ ಕೆಲಸವೂ ಇದೆ. ಮಗಳ ಹಾಳೆಯಲ್ಲಿ ಎಲ್ಲದಕ್ಕೂ ‘ಓಕೆ’ ಅಂತಷ್ಟೇ ಇತ್ತು. ಅವಳ ವಿಷಯ ನಮಗೆ ತಿಳಿದದ್ದು ಮನೆ ಸುತ್ತುವಾಗ: ಅವಳು ಓದುವುದು ತನ್ನ ಕೋಣೆಯಲ್ಲಲ್ಲ, ಗರಾಜಿನ ಮೂಲೆಯ ಹಳೆಯ ಸೋಫಾದಲ್ಲಿ. ನಾವು ಅಜ್ಜ ಅಜ್ಜಿಗೆ ಅಂತ ಕೊಡುತ್ತಿರುವುದು ಅವಳ ಜಾಗ. ಅದನ್ನು ಆರ್ಕಿಟೆಕ್ಟ್‌ಗೆ ಬರೆದ ವರದಿಯಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇವೆ. ನಕ್ಷೆ ಇನ್ನೂ ಪರ್ಮಿಟ್ಟಿಗೆ ಹೋಗಿಲ್ಲ. ಅಜ್ಜ ಅಜ್ಜಿ ಈ ಸೆಪ್ಟೆಂಬರ್‌ನಲ್ಲಿ ಊರಿಗೆ ಹೊರಟರು. ಹೊರಡುವ ಹಿಂದಿನ ದಿನ ಅಜ್ಜಿ ಗರಾಜಿನಲ್ಲಿ ನಿಂತು, ನಲ್ಲಿ ಎಲ್ಲಿ ಬರಬೇಕು ಅಂತ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಹೋಗಿದ್ದಾರೆ. ನೆಲದಿಂದ ಸರಿಯಾಗಿ ಇಪ್ಪತ್ತೆರಡು ಇಂಚು.